ಕ್ಯಾರಿಯರ್ ಊಟದ ಅಸಲು ಲೆಕ್ಕ: 34, 51, 62

ಕಾಸರಗೋಡಿನ ನುಳ್ಳಿಪ್ಪಾಡಿಯಲ್ಲಿ ಅಡುಗೆ ಮಾಡಿ ವಿದ್ಯಾನಗರದ ಕಚೇರಿಗಳಿಗೂ ಹೊಸ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಿಗೂ ಮಧ್ಯಾಹ್ನದ ಊಟ ಮುಟ್ಟಿಸುವ ಕೆಲಸ ನಮ್ಮದು. ಕುಚ್ಚಿಲಕ್ಕಿ ಅನ್ನ, ಸಾಂಬಾರು, ಒಂದು ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ. ಒಂದು ಊಟಕ್ಕೆ 80 ರೂಪಾಯಿ ಎಂದಿಟ್ಟುಕೊಂಡು, ದಿನಕ್ಕೆ ಎಷ್ಟು ಊಟ ಹೋದರೆ ಕೈಯಿಂದ ಹಾಕುವುದು ನಿಲ್ಲುತ್ತದೆ ಎಂದು ಶುರುವಿಗೆ ಮುಂಚೆಯೇ ಲೆಕ್ಕ ಹಾಕಿದೆ. ಆ ಲೆಕ್ಕ ಇಲ್ಲಿದೆ. ದರಗಳು ನನ್ನವು, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಮೊದಲು ಬೇಕಾದದ್ದು ಒಂದು ಊಟದ ಖರ್ಚು. ಇದನ್ನು ಅಂದಾಜಿನಲ್ಲಿ ಬರೆಯಬಾರದು. 40 ಊಟದ ಅಡುಗೆಯನ್ನು ಒಮ್ಮೆ ಪೂರ್ತಿ ಮಾಡಿ, ಒಲೆಗೆ ಹೋಗುವ ಪ್ರತಿಯೊಂದನ್ನೂ ತಕ್ಕಡಿಗೆ ಹಾಕಬೇಕು. ಅಕ್ಕಿ 6 ಕಿಲೋ ಬಿತ್ತು, ಅಂದರೆ ತಲಾ 150 ಗ್ರಾಂ, ಏಳೂವರೆ ರೂಪಾಯಿ. ತರಕಾರಿ 11, ತೆಂಗಿನಕಾಯಿ 5, ಬೇಳೆ 4, ಎಣ್ಣೆ ಮಸಾಲೆ ನಾಲ್ಕೂವರೆ, ಮಜ್ಜಿಗೆ ಉಪ್ಪಿನಕಾಯಿ 4. ಒಟ್ಟು 36. ಗ್ಯಾಸಿಗೆ ಸಿಲಿಂಡರನ್ನೇ ಅಡುಗೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಿದರೆ ಸಾಕು. ತಲಾ 40 ಗ್ರಾಂ ಉರಿದಿತ್ತು. 19 ಕಿಲೋದ ಸಿಲಿಂಡರಿಗೆ 1,900 ರೂಪಾಯಿ ಹಿಡಿದರೆ ಊಟಕ್ಕೆ 4. ಸೋಪು, ಸುತ್ತುವ ಕಾಗದಕ್ಕೆ 2. ಅಲ್ಲಿಗೆ 42 ಆಯಿತು. 80ರಲ್ಲಿ ಇದನ್ನು ಕಳೆದರೆ ಉಳಿಯುವ 38 ರೂಪಾಯಿಯೇ ಮುಂದಿನ ಎಲ್ಲ ಲೆಕ್ಕಕ್ಕೂ ಬುನಾದಿ.

ಆಮೇಲೆ ತಿಂಗಳ ಖಾಯಂ ಖರ್ಚು. ಕೋಣೆ ಬಾಡಿಗೆ 5,000, ಅಡುಗೆಗೆ ಸಹಾಯಕ್ಕೆ ಬರುವವರಿಗೆ 12,000, ಊಟ ಮುಟ್ಟಿಸುವ ಹುಡುಗನಿಗೆ 9,000, ಕರೆಂಟು ನೀರು ಫೋನು 1,500, ಚಿಲ್ಲರೆ ರಿಪೇರಿ 300. ಒಲೆ, ಪಾತ್ರೆ, ಸ್ಟೀಲ್ ಕ್ಯಾರಿಯರುಗಳಿಗೆ ಹಾಕಿದ 72,000 ರೂಪಾಯಿಯನ್ನು 36 ತಿಂಗಳಿಗೆ ಹಂಚಿದರೆ 2,000. ಸ್ಕೂಟರಿನ ಪೆಟ್ರೋಲು 1,200. ಪೆಟ್ರೋಲನ್ನು ಊಟದ ಲೆಕ್ಕಕ್ಕೆ ಸೇರಿಸುವವರಿದ್ದಾರೆ, ಆದರೆ ಸ್ಕೂಟರು 20 ಊಟ ಹೊತ್ತರೂ 40 ಹೊತ್ತರೂ ಓಡುವ ದಾರಿ ಹೆಚ್ಚುಕಡಿಮೆ ಅದೇ. ಹಾಗಾಗಿ ಅದು ಖಾಯಂ ಖರ್ಚು. ಎಲ್ಲ ಸೇರಿ 31,000.

31,000ವನ್ನು 38ರಿಂದ ಭಾಗಿಸಿದರೆ ತಿಂಗಳಿಗೆ 816 ಊಟ. ಭಾನುವಾರಗಳು, ಎರಡನೇ ಶನಿವಾರ, ನಡುವೆ ಬರುವ ಒಂದು ರಜೆ ಕಳೆದರೆ ಕಚೇರಿಗಳು ತೆರೆದಿರುವುದು ಸುಮಾರು 24 ದಿನ. ದಿನಕ್ಕೆ 34. ಇಲ್ಲಿ 30ರಿಂದ ಭಾಗಿಸಿ 27 ಎಂದು ಬರೆದುಕೊಂಡರೆ ಮೊದಲ ತಿಂಗಳಿಂದಲೇ ನಷ್ಟ. ಓಣಂ ಬರುವ ತಿಂಗಳಲ್ಲಿ ಕೆಲಸದ ದಿನ 20ಕ್ಕೆ ಇಳಿದರೆ ಅದೇ 816ಕ್ಕೆ ದಿನಕ್ಕೆ 41 ಬೇಕಾಗುತ್ತದೆ. ರಜೆಯೆಂದು ಸಂಬಳ, ಬಾಡಿಗೆ ಕಡಿಮೆಯಾಗುವುದಿಲ್ಲವಲ್ಲ.

ಆದರೆ ಈ 34ರಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುವ ನನಗೆ ಒಂದು ಪೈಸೆಯೂ ಇಲ್ಲ. ನನ್ನ ದುಡಿಮೆಗೆ 15,000 ಸೇರಿಸಿದರೆ ಖರ್ಚು 46,000, ಊಟ 1,211, ದಿನಕ್ಕೆ 51. ಎರಡನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. 34ಕ್ಕಿಂತ ಕೆಳಗೆ ಕೈಯಿಂದ ಹಣ ಹೋಗುತ್ತದೆ, 34ರಿಂದ 51ರ ನಡುವೆ ಹಣ ಹೋಗುವುದಿಲ್ಲ, ದುಡಿಮೆಗೆ ಪೂರ್ತಿ ಕೂಲಿ ಸಿಗುವುದಿಲ್ಲ ಅಷ್ಟೆ.

ಹೆಚ್ಚಿನವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ 51 ಊಟವನ್ನು ಸ್ಕೂಟರಿನಲ್ಲಿ ಒಬ್ಬನೇ ಮುಟ್ಟಿಸಲಾರ. ಹನ್ನೆರಡರಿಂದ ಒಂದು ಗಂಟೆಯೊಳಗೆ ಊಟ ತಲುಪಬೇಕು. ನಮ್ಮ ದಾರಿಯಲ್ಲಿ ಒಬ್ಬನಿಗೆ ಆಗುವುದು 45, ಅದೂ ವಿದ್ಯಾನಗರದ ಒಂದೊಂದು ಗೇಟಿನಲ್ಲಿ ಐದಾರು ಕ್ಯಾರಿಯರು ಒಟ್ಟಿಗೆ ಇಳಿಯುವುದರಿಂದ. 46ನೇ ಊಟಕ್ಕೆ ಎರಡನೇ ಹುಡುಗ, ಎರಡನೇ ಸ್ಕೂಟರು ಬೇಕು. ಸಂಬಳ 9,000, ಪೆಟ್ರೋಲು 1,200, ಒಟ್ಟು 10,200 ಒಂದೇ ಏಟಿಗೆ ಏರುತ್ತದೆ. ಅದು ಸೇರಿದರೆ ಖರ್ಚು 56,200, ಊಟ 1,479, ದಿನಕ್ಕೆ 62. ಸೂತ್ರ ಕೊಟ್ಟ 51 ಹಾಗಾದರೆ ಇಲ್ಲದ ಸಂಖ್ಯೆ: ಒಬ್ಬ ಹುಡುಗನಿಗೆ ಹೆಚ್ಚು, ಇಬ್ಬರಿಗೆ ಕಡಿಮೆ.

ನಡುವಿನ ಸ್ಥಿತಿ ನೋಡಿ. 45 ಊಟಕ್ಕೆ ತಿಂಗಳ ಕೊನೆಗೆ ನನ್ನ ಕೈಗೆ 10,040 ರೂಪಾಯಿ ಉಳಿಯುತ್ತದೆ. 46ಕ್ಕೆ ಉಳಿಯುವುದು 752. ಮತ್ತೆ ಮೊದಲಿನ ಹತ್ತು ಸಾವಿರ ಕಾಣಬೇಕಾದರೆ 57ಕ್ಕೆ ಹೋಗಬೇಕು. ಗಿರಾಕಿ ಹೆಚ್ಚುತ್ತಿದ್ದಾರೆ, ಹಣ ಮಾತ್ರ ಕಾಣುತ್ತಿಲ್ಲ ಎಂದು ಕೆಲವರು ಹೇಳುವುದಕ್ಕೆ ಕಾರಣ ಹೆಚ್ಚಾಗಿ ಇಂಥದ್ದೇ ಒಂದು ಮೆಟ್ಟಿಲು. 46ರಿಂದ 56ರವರೆಗೆ ಕೆಲಸ ಹೆಚ್ಚು, ಆದಾಯ ಕಡಿಮೆ. ಹನ್ನೆರಡು ಹೊಸ ಊಟ ಒಟ್ಟಿಗೆ ಖಚಿತವಾಗುವ ತನಕ 46ನೆಯವರನ್ನು ಕಾಯಿಸುವುದೇ ಲೇಸು.

ಇನ್ನೊಂದು ದಾರಿ ಬೆಲೆ. 85 ರೂಪಾಯಿ ಮಾಡಿದರೆ ಊಟಕ್ಕೆ ಉಳಿಯುವುದು 43. 46,000ಕ್ಕೆ 1,070 ಊಟ, ದಿನಕ್ಕೆ 45. ಅಂದರೆ ಒಬ್ಬನೇ ಹುಡುಗನ ಮಿತಿಯೊಳಗೆ ನನ್ನ ಕೂಲಿಯೂ ಬಂತು. ಐದು ರೂಪಾಯಿ ಏರಿಕೆಗೆ ಹತ್ತು ಗಿರಾಕಿ ಬಿಟ್ಟು ಹೋದರೂ ಸರಿ, 62ರ ಬೆನ್ನು ಹತ್ತುವುದಕ್ಕಿಂತ 45 ಉಳಿಸಿಕೊಳ್ಳುವುದು ಸುಲಭ. 75ಕ್ಕೆ ಇಳಿಸಿ ಹೆಚ್ಚು ಮಾರುತ್ತೇನೆ ಎಂದರೆ ಒಬ್ಬನೇ ಹುಡುಗನನ್ನು ಇಟ್ಟುಕೊಂಡ ಲೆಕ್ಕದಲ್ಲೂ 59 ಬೇಕು, ಆ 59ನ್ನು ಅವನು ಮುಟ್ಟಿಸಲಾರ.

ಈ 45 ತುಂಬ ಬಿಗಿಯಾದ ಸಂಖ್ಯೆ. ಅದನ್ನು ಕೆಡಿಸುವುದು ಮಿಕ್ಕ ಊಟ. ಕುಚ್ಚಿಲಕ್ಕಿ ಬೇಯಲು ಹೊತ್ತು ಬೇಕು, ಹನ್ನೊಂದಕ್ಕೆ ಕಡಿಮೆ ಬಿತ್ತು ಎಂದು ಮತ್ತೆ ಇಡುವಂತಿಲ್ಲ. ಸಾಂಬಾರಿಗಾದರೆ ನೀರು ಬೆರೆಸಬಹುದು. ಆದ್ದರಿಂದ ಬೆಳಿಗ್ಗೆಯೇ ಮೂರು ಊಟ ಜಾಸ್ತಿ ಹಾಕುವ ಅಭ್ಯಾಸ ಬೆಳೆಯುತ್ತದೆ. ಮಾರದ ಊಟದ ಸಾಮಾನು, ಗ್ಯಾಸು 40 ರೂಪಾಯಿ, ಮಾರಿದ ಊಟದ ಉಳಿಕೆ 43. ಎಸೆದ ಒಂದು ಊಟ ಮಾರಿದ ಒಂದು ಊಟವನ್ನು ಹೆಚ್ಚುಕಡಿಮೆ ನುಂಗುತ್ತದೆ. ದಿನಾ ಮೂರು ಮಿಕ್ಕಿದರೆ ತಿಂಗಳಿಗೆ 2,880, ಬೇಕಾದದ್ದು 45ರ ಬದಲು 48, ಮತ್ತೆ ಮಿತಿಯ ಹೊರಗೆ. ಅದಕ್ಕೇ ಹಿಂದಿನ ರಾತ್ರಿ ಎಂಟಕ್ಕೆ ಆರ್ಡರ್ ನಿಲ್ಲಿಸುತ್ತೇವೆ, ಒಂದೇ ಊಟ ಹೆಚ್ಚು ಹಾಕುತ್ತೇವೆ.

ಇನ್ನು, 45 ಹೆಸರು ಬರೆದುಕೊಂಡರೆ 45 ಊಟ ಹೋಗುವುದಿಲ್ಲ. ರಜೆ ಹಾಕುವವರು, ಮನೆಯಿಂದ ಬುತ್ತಿ ತರುವವರು ಇದ್ದೇ ಇರುತ್ತಾರೆ. ಹತ್ತರಲ್ಲಿ ಒಬ್ಬರು ಬಾರದಿದ್ದರೆ 45 ಹೆಸರಿಗೆ 40, 41 ಊಟ. 50 ಹೆಸರು ಹಿಡಿದರೆ ಸರಾಸರಿ ಸರಿಯಾಗುತ್ತದೆ, ಆದರೆ ಎಲ್ಲರೂ ಬೇಕೆನ್ನುವ ದಿನ ಸ್ಕೂಟರಿಗೆ ಐದು ಹೆಚ್ಚು. ಅಂಥ ದಿನ ನುಳ್ಳಿಪ್ಪಾಡಿಯಲ್ಲೇ ಇರುವ ಐದಾರು ಗಿರಾಕಿಗಳಿಗೆ ಅಡುಗೆಮನೆಗೇ ಬಂದು ಒಯ್ಯಲು ಹೇಳಿ, ಅವರಿಗೆ 80ಕ್ಕೇ ಕೊಡುತ್ತೇವೆ.