ಹೆಂಚಿನ ಕೆಳಗಿದ್ದ ಬಾವಲಿಗಳನ್ನು ಹೊರಗೆ ಕಳಿಸಿದ್ದು

ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ, ಸೂಳೆಕೆರೆಗೆ ಹತ್ತಿರ. ಅಪ್ಪ ಕಟ್ಟಿಸಿದ ಮಂಗಳೂರು ಹೆಂಚಿನ ಮನೆ. ಎಂಟು ವರ್ಷದ ಹಿಂದೆ ಹಾಲ್‌ಗೆ ಪಿವಿಸಿ ಸೀಲಿಂಗ್ ಹಾಕಿಸಿದೆವು. ಬಾವಲಿಗಳು ಬಂದಿದ್ದು ಅದಾದ ಮೇಲೆ.

ಮೊದಲು ಯಾಕೆ ಬರಲಿಲ್ಲ ಅಂತ ಆಮೇಲೆ ಹೊಳೆಯಿತು. ಆಗ ಹೆಂಚಿನ ಕೆಳಗೆ ಏನೂ ಅಡ್ಡ ಇರಲಿಲ್ಲ. ಸೌದೆ ಒಲೆಯ ಹೊಗೆ ಮಾಡಿಗೆ ಏರುತ್ತಿತ್ತು, ಬೆಕ್ಕು ತೊಲೆಯ ಮೇಲೆ ಓಡಾಡುತ್ತಿತ್ತು, ಗಾಜಿನ ಹೆಂಚಿನಿಂದ ಬಿಸಿಲು ಬೀಳುತ್ತಿತ್ತು. ಸೀಲಿಂಗ್ ಹಾಕಿದ ಮೇಲೆ ಹೆಂಚಿಗೂ ಸೀಲಿಂಗಿಗೂ ನಡುವೆ ಕತ್ತಲೆಯ, ಬೆಚ್ಚಗಿನ, ಯಾರೂ ಕೈ ಹಾಕದ ಒಂದು ಜಾಗ ಹುಟ್ಟಿಕೊಂಡಿತು. ಗಾಜಿನ ಹೆಂಚನ್ನೂ ಇನ್ಯಾಕೆ ಅಂತ ತೆಗೆಸಿಬಿಟ್ಟಿದ್ದೆವು. ಮರಿ ಹಾಕಲು ಜಾಗ ಹುಡುಕುವ ತಾಯಿ ಬಾವಲಿಗೆ ಇದಕ್ಕಿಂತ ಒಳ್ಳೇ ಬಾಣಂತಿ ಕೋಣೆ ಎಲ್ಲಿ ಸಿಗುತ್ತೆ?

ಕಿಟಕಿಯ ಕಟ್ಟೆ ಮೇಲೆ ಕಪ್ಪು ಹಿಕ್ಕೆ ಬೀಳತೊಡಗಿತು. ನನ್ನ ಹೆಂಡತಿ ಇಲಿ ಅಂದುಕೊಂಡು ಪಾಷಾಣ ಇಟ್ಟಳು. ಇಲಿ ಹಿಕ್ಕೆ ಒಣಗಿದರೆ ಕಲ್ಲಿನ ಹಾಗೆ ಗಟ್ಟಿ. ಬಾವಲಿಯದು ಕಡ್ಡಿಯಿಂದ ಒತ್ತಿದರೆ ಪುಡಿಯಾಗುತ್ತೆ, ಪುಡಿಯಲ್ಲಿ ಮಿರಿಮಿರಿ ಮಿಂಚುವ ಚೂರುಗಳಿರುತ್ತವೆ. ನಾನು ಸ್ವಲ್ಪ ಪುಡಿಯನ್ನು ಬಿಳಿ ತಟ್ಟೆಯ ನೀರಿಗೆ ಹಾಕಿ ಭೂತಗನ್ನಡಿಯಲ್ಲಿ ನೋಡಿದೆ. ತುಂಬಾ ಭಾಗ ದುಂಬಿಗಳ ಗಟ್ಟಿ ರೆಕ್ಕೆಯ ಚಿಪ್ಪು. ಅಡಿಕೆ ತೋಟ ಇರುವವರಿಗೆ ಇದರ ಬೆಲೆ ಗೊತ್ತು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆ ಹೊತ್ತಿಗೆ ಮಣ್ಣಿನಿಂದ ದುಂಬಿಗಳು ಎದ್ದು ಬರುತ್ತವಲ್ಲ, ಅಡಿಕೆ ಬೇರು ತಿನ್ನುವ ಗೊಣ್ಣೆಹುಳು ಅಂಥ ದುಂಬಿಯ ಮರಿಯೇ. ದುಂಬಿ ಏಳುವುದೂ ಬಾವಲಿ ಬೇಟೆಗೆ ಹೊರಡುವುದೂ ಒಂದೇ ಹೊತ್ತು. ನಮ್ಮ ಮಾಡಿನಲ್ಲಿದ್ದ ಹಳದಿ ಹೊಟ್ಟೆಯ ಬಾವಲಿ, ಪುಸ್ತಕದಲ್ಲಿ ಸ್ಕೋಟೋಫಿಲಸ್ ಅನ್ನುತ್ತಾರೆ, ದುಂಬಿ, ಪತಂಗ, ರೆಕ್ಕೆ ಗೆದ್ದಲು ಎಲ್ಲ ತಿನ್ನುತ್ತೆ. ಹಾಲೂಡಿಸುವ ತಾಯಿಗಂತೂ ಹಸಿವು ಜಾಸ್ತಿ. ಒಂದೇ ರಾತ್ರಿಗೆ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ಹುಳ ತಿನ್ನುವುದುಂಟು. ಹುಳ ಜಾಸ್ತಿ ಇರುವ ಮಳೆಗಾಲಕ್ಕೆ ಮರಿ ಹಾಕುವುದರ ಗುಟ್ಟು ಇದೇ.

ಹಣ್ಣು ತಿನ್ನುವ ದೊಡ್ಡ ಬಾವಲಿಯೇ ಬೇರೆ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ಹೆಸರು ಕೇಳಿಬಂದಿದ್ದು ಆ ದೊಡ್ಡದರದ್ದು. ನಮ್ಮ ಅಮ್ಮ ಆ ಸುದ್ದಿ ನೆನಪಿಸಿಕೊಂಡು, "ಮೊಮ್ಮಕ್ಕಳು ಬರೋ ಮನೆ ಕಣೋ, ಮೊದಲು ಓಡಿಸು" ಅಂತ ದಿನಾ ಹೇಳತೊಡಗಿದರು. ನಿಪಾ ಅಲ್ಲದಿದ್ದರೂ ಓಡಿಸಬೇಕಿತ್ತು, ಅದು ನಿಜ. ಹಾಲ್‌ನಲ್ಲಿ ಮೂತ್ರದ ವಾಸನೆ ಶುರುವಾಗಿತ್ತು. ಸೀಲಿಂಗ್‌ನ ಒಂದು ಹಲಗೆ ಹಿಕ್ಕೆಯ ಭಾರಕ್ಕೆ ಜಗ್ಗಿತ್ತು.

ಮೊದಲು ಎಲ್ಲರೂ ಹೇಳಿದ್ದನ್ನೇ ಮಾಡಿದೆ. ನುಸಿ ಗುಳಿಗೆ ಒಂದು ಕೆಜಿ ತಂದು ಸೀಲಿಂಗ್ ಮೇಲೆ ಚೆಲ್ಲಿದೆ. ಬಾವಲಿಗಳು ಈ ಮೂಲೆಯಿಂದ ಆ ಮೂಲೆಗೆ ಸರಿದವು, ಅಷ್ಟೇ. ಮಲಗುವ ಕೋಣೆಗೆ ವಾಸನೆ ಇಳಿದು ನಮಗೇ ತಲೆನೋವು. ಬೇವಿನ ಸೊಪ್ಪಿನ ಹೊಗೆ ಹಾಕಿದ ದಿನ ಮೂರು ಬಾವಲಿ ಲೈಟ್‌ನ ತೂತಿನಿಂದ ಹಾಲ್‌ಗೇ ಬಿದ್ದವು. ಫ್ಯಾನ್ ಆಫ್ ಮಾಡಿ, ದೀಪ ಆರಿಸಿ, ಕಿಟಕಿ ತೆಗೆದಿಟ್ಟೆವು. ಎರಡು ಹಾರಿಹೋದವು. ನೆಲಕ್ಕೆ ಬಿದ್ದಿದ್ದಕ್ಕೆ ಮೇಲೇಳಲು ಆಗಲಿಲ್ಲ. ಬಾವಲಿ ನೆಲದಿಂದ ಹಕ್ಕಿಯ ಹಾಗೆ ಸುಲಭಕ್ಕೆ ಏಳುವುದಿಲ್ಲ, ಎತ್ತರದಿಂದ ಬಿದ್ದು ಹಾರುವುದು ಅದರ ಅಭ್ಯಾಸ. ದಪ್ಪ ಟವಲ್‌ನಲ್ಲಿ ಹಿಡಿದು ತೆಂಗಿನ ಮರಕ್ಕೆ ಆಳೆತ್ತರದಲ್ಲಿ ಹತ್ತಿಸಿದೆ, ಮೇಲಕ್ಕೆ ತೆವಳಿ ಹಾರಿತು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಬಾವಲಿಯಿಂದಲೂ ರೇಬಿಸ್ ಬರಬಹುದು, ಹಲ್ಲಿನ ಗಾಯ ಕಣ್ಣಿಗೆ ಕಾಣದಷ್ಟು ಸಣ್ಣದಿರುತ್ತೆ. ಕಚ್ಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಆಮೇಲೆ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಜೂನ್ ತಿಂಗಳು. ಮೇಸ್ತ್ರಿ ಹೇಳಿದ, "ಸಂಜೆ ಎಲ್ಲಾ ಹೊರಗೆ ಹೋಗ್ತಾವಲ್ಲ ಅಣ್ಣಾ, ಆಗ ಸಿಮೆಂಟ್ ಮೆತ್ತಿಬಿಡಾನ." ನನಗೂ ಸರಿ ಅನ್ನಿಸಿತು. ಏಳೂಕಾಲಿಗೆಲ್ಲ ಹೊರಗೆ ಬಂದವು, ಎಂಟಕ್ಕೆ ಮುಚ್ಚಿದೆವು. ಒಂಬತ್ತಾಗುವಷ್ಟರಲ್ಲಿ ಸೀಲಿಂಗ್ ಮೇಲಿಂದ ಸಣ್ಣ ಚೀಂಗುಟ್ಟುವ ಸದ್ದು. ಮರಿಗಳು. ತಾಯಂದಿರು ಬೇಟೆಗೆ ಹೋಗುವಾಗ ಮರಿಗಳನ್ನು ಒಳಗೇ ಬಿಟ್ಟು ಹೋಗುತ್ತವೆ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹೊರಗೆ ತಾಯಂದಿರು ಬಂದು ಹಸಿ ಸಿಮೆಂಟಿಗೆ ಡಿಕ್ಕಿ ಹೊಡೆಯುತ್ತಿದ್ದವು. ಮೇಸ್ತ್ರಿಯನ್ನು ಮತ್ತೆ ಕರೆಯಲಿಲ್ಲ. ನಾನೇ ಏಣಿ ಹಾಕಿ ಕರಣೆಯಿಂದ ಕೆರೆದು ತೆಗೆದೆ. ಹಸಿ ಇದ್ದಿದ್ದಕ್ಕೆ ಬಂತು. ಬೆಳಗಾಗಿದ್ದರೆ ಮರಿಗಳೆಲ್ಲ ಒಳಗೇ ಸತ್ತು ಕೊಳೆಯುತ್ತಿದ್ದವು, ಆ ವಾಸನೆ ತಿಂಗಳುಗಟ್ಟಲೆ ಇರುತ್ತಿತ್ತು.

ಅಲ್ಲಿಂದ ಸುಮ್ನೆ ಕಾದೆ. ಕಾಯುವಾಗ ಮಾಡಿದ ಕೆಲಸ ಒಂದೇ, ಎಣಿಸುವುದು. ಸೂರ್ಯ ಮುಳುಗಿದ ಕಾಲು ಗಂಟೆಗೆ ನಾನು ಹಿತ್ತಲಲ್ಲಿ, ಹೆಂಡತಿ ಅಂಗಳದಲ್ಲಿ, ತಮ್ಮನ ಮಗ ಪಕ್ಕದ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಹೆಂಚಿನ ಮಾಡಿನಲ್ಲಿ ನೂರಾರು ಸಂದು ಇರುತ್ತೆ, ಎಲ್ಲವನ್ನೂ ಮುಚ್ಚಲು ಸಾಧ್ಯವೇ ಅಂತ ನನಗೆ ಚಿಂತೆಯಿತ್ತು. ನಾಲ್ಕು ಸಂಜೆ ನೋಡಿದ ಮೇಲೆ ಗೊತ್ತಾಯಿತು, ಅವು ಬಳಸುತ್ತಿದ್ದದ್ದು ಮೂರೇ ಜಾಗ. ಹಿತ್ತಲ ಕಡೆ ಗೋಡೆಯ ತಲೆಗೂ ಹೆಂಚಿಗೂ ನಡುವಿನ ಒಂದು ಸಂದಿನಿಂದ ಮುಕ್ಕಾಲು ಪಾಲು ಬರುತ್ತಿದ್ದವು. ಹಗಲು ನೋಡಿದರೂ ಅದರ ಗುರುತಿತ್ತು. ಮೈಯ ಜಿಡ್ಡು ಉಜ್ಜಿ ಉಜ್ಜಿ ಸುಣ್ಣದ ಗೋಡೆ ಕಂದು ಬಣ್ಣಕ್ಕೆ ತಿರುಗಿತ್ತು, ಕೆಳಗೆ ಹಿಕ್ಕೆ ರಾಶಿಯಾಗಿತ್ತು.

ಜೂನ್ ಕೊನೆಗೆ 61 ಎಣಿಸಿದ್ದೆವು. ಜುಲೈ ಕೊನೆಯಲ್ಲಿ 70 ದಾಟಿತು. ಆಗಸ್ಟ್‌ನಲ್ಲಿ 98, ಆಮೇಲೆ 104. ಹೊಸದಾಗಿ ಯಾರೂ ಬಂದಿದ್ದಲ್ಲ, ಮರಿಗಳಿಗೆ ರೆಕ್ಕೆ ಬಲಿತು ಹೊರಗೆ ಬರುತ್ತಿದ್ದವು. ಎಣಿಕೆ ಏರುವುದು ನಿಂತು ಒಂದೇ ಕಡೆ ನಿಂತರೆ ಹಾರಲಾಗದ ಮರಿ ಒಳಗಿಲ್ಲ ಅಂತ ಲೆಕ್ಕ. ಅದನ್ನೂ ಪೂರ್ತಿ ನಂಬಬಾರದು, ಕೆಲವು ಸಣ್ಣ ಜಾತಿಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕುತ್ತವೆ. ಅದಕ್ಕೇ ದೊಡ್ಡವು ಹೊರಟ ಮೇಲೆ ಟಾರ್ಚ್‌ಗೆ ಕೆಂಪು ಹಾಳೆ ಕಟ್ಟಿಕೊಂಡು ಸೀಲಿಂಗ್‌ನ ಒಂದು ಹಲಗೆ ಸರಿಸಿ ನೋಡಿದೆ. ಗುಂಪುಗಟ್ಟಿಕೊಂಡ ಕೂದಲಿಲ್ಲದ ಮರಿಗಳು ಎಲ್ಲೂ ಕಾಣಲಿಲ್ಲ, ಸದ್ದೂ ಇರಲಿಲ್ಲ.

ಗಣಪತಿ ಹಬ್ಬ ಮುಗಿದು, ಮಳೆ ಬಿಡುವು ಕೊಟ್ಟ ವಾರ ನೋಡಿ ಬಲೆ ಕಟ್ಟಿದೆ. ಜೋರು ಮಳೆಯ ರಾತ್ರಿ ಕೆಲವು ಹೊರಗೇ ಬರುವುದಿಲ್ಲ, ಹಾಗಾಗಿ ಬಿಡುವು ಬೇಕು. ಸೂಳೆಕೆರೆಯ ಮೀನುಗಾರರ ಹತ್ತಿರ ಹಳೇ ಬಲೆ ಸಿಗುತ್ತಿತ್ತು. ಅದು ಬೇಡ, ಕಣ್ಣು ದೊಡ್ಡದು, ರೆಕ್ಕೆ ಸಿಕ್ಕಿಕೊಳ್ಳುತ್ತೆ. ದಾವಣಗೆರೆ ಮಂಡಿಪೇಟೆಯಿಂದ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ ನಾಲ್ಕು ಮೀಟರ್ ತಂದೆ. ದೊಡ್ಡ ಸಂದಿನ ಮೇಲೆ ಹೆಂಚಿನ ಅಂಚಿಗೆ ಬಲೆಯ ತಲೆ ಕಟ್ಟಿ, ಎರಡು ಪಕ್ಕವನ್ನು ಗೋಡೆಗೆ ಪಟ್ಟಿ ಹೊಡೆದು ಕೂರಿಸಿ, ಕೆಳಗಡೆ ಪೂರ್ತಿ ಬಿಟ್ಟೆ. ಸಂದಿನಿಂದ ಎರಡು ಅಡಿ ಕೆಳಗಿನವರೆಗೆ ಇಳಿಬಿಟ್ಟಿದ್ದೆ, ಗೋಡೆಗೆ ಅಂಟದ ಹಾಗೆ ನಾಲ್ಕು ಬೆರಳು ಸಡಿಲ. ಉಪಾಯ ಇಷ್ಟೇ: ಹೊರಗೆ ಬರುವ ಬಾವಲಿ ಗೋಡೆ ಹಿಡಿದು ತೆವಳಿ ಬಲೆಯ ಕೆಳಗಿನಿಂದ ಹಾರುತ್ತೆ. ವಾಪಸ್ ಬಂದಾಗ ನೇರ ಸಂದಿಗೇ ಬಂದು ಕೂರುತ್ತೆ, ಅಲ್ಲಿ ಬಲೆ ಅಡ್ಡ. ಕೆಳಗಿಳಿದು ದಾರಿ ಹುಡುಕಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಉಳಿದೆರಡು ಸಂದು ಮತ್ತು ಹೆಬ್ಬೆರಳು ತೂರುವಷ್ಟಿದ್ದ ಬೇರೆ ತೂತುಗಳನ್ನು ಬಲೆ ಕಟ್ಟುವ ಮೊದಲೇ ಮುಚ್ಚಿದ್ದೆ. ಹೆಚ್ಚುಕಮ್ಮಿ ಒಂದೂವರೆ ಸೆಂಟಿಮೀಟರ್ ಸಂದಿದ್ದರೆ ಬಾವಲಿ ತೂರುತ್ತೆ.

ಮೊದಲ ಸಂಜೆ ಹಿತ್ತಲ ದೀಪ ಹಾಕಿ ನೋಡುತ್ತಾ ನಿಂತಿದ್ದೆ, ಒಂದೂ ಬರಲಿಲ್ಲ. ದೀಪ ಆರಿಸಿದ ಮೇಲೆ ಬರತೊಡಗಿದವು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನೋಡಿದರೆ ಬಲೆಯ ಮುಂದೆ ಸುತ್ತುತ್ತಿದ್ದವು, ಬಂದು ಅಂಟಿಕೊಂಡು ಹೋಗುತ್ತಿದ್ದವು. ನೋಡಲು ಸ್ವಲ್ಪ ಕಷ್ಟವೇ ಆಯಿತು. ಎರಡನೇ ಸಂಜೆ ಒಳಗಿನಿಂದ ಬಂದಿದ್ದು 17. ಮೂರನೆಯದು 4. ಆಮೇಲೆ ಮೂರು ಸಂಜೆ ಸೊನ್ನೆ. ಏಳನೇ ದಿನ ಒಳಗೆಲ್ಲ ಟಾರ್ಚ್ ಹಾಕಿ ನೋಡಿ, ಬಲೆ ಬಿಚ್ಚಿ, ಆ ಸಂದಿಗೆ ಸಣ್ಣ ಕಣ್ಣಿನ ಜಿಐ ಜಾಲರಿ ತುರುಕಿದೆ. ಬಾವಲಿ ಇಲಿಯ ಹಾಗೆ ಕಡಿಯುವುದಿಲ್ಲ, ಜಾಲರಿ ಸಾಕು. ಸಿಮೆಂಟ್ ಮೆತ್ತಿದರೆ ಮಾಡಿನೊಳಗೆ ಗಾಳಿ ಆಡುವುದು ನಿಂತು ಸೆಕೆ ಹೆಚ್ಚುತ್ತೆ.

ಹಿಕ್ಕೆ ತೆಗೆದಿದ್ದು ಕೊನೆಗೆ. ಒಣ ಪೊರಕೆ ಹಾಕಬಾರದು. ಹಿಕ್ಕೆಯ ರಾಶಿಯಲ್ಲಿ ಬೆಳೆಯುವ ಒಂದು ಬೂಷ್ಟಿನ ಪುಡಿ ಎದೆಗೆ ಹೋದರೆ ಜ್ವರ, ಕೆಮ್ಮು ಹಿಡಿಯುತ್ತೆ. ಎನ್95 ಮಾಸ್ಕ್, ಗ್ಲೌಸ್ ಹಾಕಿಕೊಂಡು, ಔಷಧ ಹೊಡೆಯುವ ಪಂಪಿನಲ್ಲಿ ನೀರು ಚಿಮುಕಿಸಿ ತೇವ ಮಾಡಿ, ಸಲಿಕೆಯಲ್ಲಿ ಬಾಚಿದೆ. ಎರಡು ಸಿಮೆಂಟ್ ಚೀಲ ತುಂಬಿತು. ತಿಪ್ಪೆಗೆ ಹಾಕಿ ಕೊಳೆಸಿ ಆಮೇಲೆ ಅಡಿಕೆ ಬುಡಕ್ಕೆ ಕೊಟ್ಟೆ, ಒಳ್ಳೇ ಗೊಬ್ಬರ. ಮಾಡಿಗೆ ಮೂರು ಗಾಜಿನ ಹೆಂಚು ವಾಪಸ್ ಹಾಕಿಸಿದೆ. ಸೀಲಿಂಗ್ ಮೇಲೆ ಈಗ ಹಗಲು ಬೆಳಕಿದೆ.

ಹೊರಗೆ ಹೋದವು ಎಲ್ಲಿ ಹೋದವು ಅಂತ ಎಲ್ಲರೂ ಕೇಳುತ್ತಾರೆ. ಪ್ಲೈವುಡ್‌ನಲ್ಲಿ ಎರಡು ಸೆಂಟಿಮೀಟರ್ ಸೀಳು ಬಿಟ್ಟು ಒಂದು ಪೆಟ್ಟಿಗೆ ಮಾಡಿ 14 ಅಡಿ ಎತ್ತರಕ್ಕೆ ನೇತುಹಾಕಿದ್ದೆ. ವರ್ಷವಾಯಿತು, ಅದರಲ್ಲಿ ಗೂಡು ಕಟ್ಟಿರುವುದು ಜೇಡ. ಹಿತ್ತಲ ಆ ಕೊನೆಯ ದನದ ಕೊಟ್ಟಿಗೆಯ ಹೆಂಚನ್ನು ಮಾತ್ರ ಬೇಕಂತಲೇ ಮುಟ್ಟಿರಲಿಲ್ಲ. ಈ ಮೇ ತಿಂಗಳ ಮೊದಲ ಮಳೆಯ ಮಾರನೇ ಸಂಜೆ ಅಲ್ಲಿ ಕುರ್ಚಿ ಹಾಕಿಕೊಂಡು ಕೂತು ಎಣಿಸಿದೆ. 38. ಅಮ್ಮನಿಗೆ ಹೇಳಿದೆ. "ಕೊಟ್ಟಿಗೇಲಿ ತಾನೇ, ಇರಲಿ ಬಿಡು" ಅಂದರು.