ಶಾಲೆಯಲ್ಲಿ ಕಿರುಚಿತ್ರ: ಎರಡನೇ ಪತ್ರಕ್ಕೆ ಸಹಿ ಬಿದ್ದದ್ದು ಹೀಗೆ

‘ವಾರಾಂತ್ಯದಲ್ಲಿ ಶಾಲೆಯ ಆವರಣದಲ್ಲಿ ಚಿತ್ರೀಕರಣಕ್ಕೆ ಅನುಮತಿ ನೀಡಬೇಕಾಗಿ ವಿನಂತಿ’ ಎಂದಷ್ಟೇ ಬರೆದ ಮೊದಲ ಪತ್ರ ಸಹಿಯಿಲ್ಲದೆ ವಾಪಸ್ ಬಂತು. ವಿನಯಕ್ಕೇನೂ ಕೊರತೆ ಇರಲಿಲ್ಲ. ಆದರೆ ಯಾವ ಕೋಣೆಯ ಬೀಗ ತೆಗೆಯಬೇಕು, ಎಷ್ಟು ಹೊತ್ತಿಗೆ ಹಾಕಬೇಕು ಎಂದು ಕಾವಲುಗಾರರಿಗೆ ಹೇಳಲು ಪ್ರಾಂಶುಪಾಲರ ಕೈಯಲ್ಲಿ ಏನೂ ಇರಲಿಲ್ಲ.

ಎರಡನೆಯದರಲ್ಲಿ ದಿನಾಂಕದ ಕೆಳಗೆ ಹೀಗೆ ಬರೆದೆ:

‘ಶನಿವಾರ ಮತ್ತು ಭಾನುವಾರ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ, ನೆಲಮಹಡಿಯ ಒಂದು ತರಗತಿ ಮತ್ತು ಅದರ ಮುಂದಿನ ಪಡಸಾಲೆ ಮಾತ್ರ. ನಾವು 9 ಜನ. ಒಂದು ಕ್ಯಾಮೆರಾ, ಬ್ಯಾಟರಿಯಿಂದ ಉರಿಯುವ ಎರಡು ಎಲ್‌ಇಡಿ ದೀಪ. ಶಾಲೆಯ ಹೆಸರು, ಫಲಕ, ಸಮವಸ್ತ್ರ ಚಿತ್ರದಲ್ಲಿ ಕಾಣುವುದಿಲ್ಲ. ಬೆಂಚುಗಳನ್ನು ಸರಿಸುವ ಮುನ್ನ ಫೋಟೊ ತೆಗೆದು, ಹಾಗೆಯೇ ಮರಳಿ ಜೋಡಿಸುತ್ತೇವೆ. ಹಾನಿಯಾದರೆ ವೆಚ್ಚ ನಮ್ಮದು.’

ಜೊತೆಗೆ ಒಂದು ಪುಟದ ಕಥಾಸಾರ ಲಗತ್ತಿಸಿದೆ. ಅದಿಲ್ಲದಿದ್ದರೆ ಶಾಲೆಯನ್ನೇ ಕೆಟ್ಟದಾಗಿ ತೋರಿಸುತ್ತಾರೇನೋ ಎಂಬ ಅನುಮಾನ ಉಳಿಯುತ್ತದೆ. ಮಕ್ಕಳು ನಟಿಸುವುದಾದರೆ ಪೋಷಕರ ಒಪ್ಪಿಗೆ ಪತ್ರವೂ ಬೇಕು.

ಮರೆತದ್ದು ಒಂದೇ: ತಾನಾಗಿ ಬಾರಿಸುವ ಗಂಟೆ. ರಜೆಯ ದಿನವೂ ಅದು ಮೊಳಗಿ ಸಂಭಾಷಣೆ ಕೆಡಿಸುತ್ತದೆ. ಅದನ್ನು ನಿಲ್ಲಿಸುವಂತೆ ಪತ್ರದಲ್ಲೇ ಕೋರಿ.