ಬ್ಯಾಂಕ್ ಬದಲಾಯ್ತು ಅಂತ ಹ್ಯಾಂಬರ್ಗಿಗೆ ಬರೆದ ಮೇಲ್

ಶಿರಸಿಯಿಂದ ಒಣ ಮುರುಗಲು ಸಿಪ್ಪೆ ಮತ್ತು ಕಾಳುಮೆಣಸನ್ನು ಜರ್ಮನಿಯ ಹ್ಯಾಂಬರ್ಗಿನ ಒಬ್ಬ ಗಿರಾಕಿಗೆ ಕಳಿಸುತ್ತೇನೆ. ಇಲ್ಲಿನ ನನ್ನ ಶಾಖೆಯಲ್ಲಿ ವಿದೇಶಿ ಹಣದ ಕೆಲಸ ಆಗುತ್ತಿರಲಿಲ್ಲ. ಪ್ರತಿ ಸಲ ಕಾಗದಗಳು ಬೇರೆ ಊರಿಗೆ ಹೋಗಿ ಬರಬೇಕು. ಬೇಸತ್ತು ಹೋದ ವರ್ಷ ಹುಬ್ಬಳ್ಳಿಯ ಇನ್ನೊಂದು ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆರೆದೆ. ಇನ್ನು ಗಿರಾಕಿಗೆ ಒಂದು ಮೇಲ್ ಹಾಕಿದರೆ ಮುಗೀತು ಅಂದುಕೊಂಡಿದ್ದೆ.

ಬರೆಯಲು ಕೂತಾಗ ಕಾರವಾರದ ಗೆಳೆಯನೊಬ್ಬ ನೆನಪಾದ. ಅವನದು ಸೀಗಡಿ ವ್ಯಾಪಾರ. ಅವನ ಮೇಲ್ ಪೆಟ್ಟಿಗೆಗೆ ಯಾರೋ ನುಗ್ಗಿ ವಾರಗಟ್ಟಲೆ ಸುಮ್ನೆ ಓದಿಕೊಂಡಿದ್ದರು. ಬಿಲ್ ಹೋಗುವ ಹೊತ್ತಿಗೆ ಸರಿಯಾಗಿ, ಅದೇ ಮಾತುಕತೆಯ ಕೆಳಗೇ, "ನಮ್ಮ ಬ್ಯಾಂಕ್ ಬದಲಾಗಿದೆ" ಅಂತ ಒಂದು ಉತ್ತರ ಹೋಯಿತು. ಗಿರಾಕಿ ಹಣ ಕಟ್ಟಿದ. ಗೆಳೆಯನಿಗೆ ಬರಲಿಲ್ಲ. ಅವನ ಇನ್‌ಬಾಕ್ಸಿನಲ್ಲಿ ಒಂದು ಫಿಲ್ಟರ್ ಇತ್ತು. ಆ ಗಿರಾಕಿಯಿಂದ ಬಂದ ಪ್ರತಿಯೊಂದು ಮೇಲ್ ಅವನ ಕಣ್ಣಿಗೆ ಬೀಳದ ಹಾಗೆ ಬೇರೆ ಫೋಲ್ಡರಿಗೆ ಹೋಗುತ್ತಿತ್ತು.

ಯೋಚಿಸಿದರೆ, ನಾನು ಬರೆಯಬೇಕಿದ್ದ ನಿಜದ ಮೇಲ್, ಕಳ್ಳ ಬರೆದ ಮೇಲ್ ಎರಡೂ ನೋಡಲು ಒಂದೇ. ಎರಡೂ ವಿನಯದಿಂದ "ಇನ್ನು ಮುಂದೆ ಈ ಖಾತೆಗೆ ಹಾಕಿ" ಅನ್ನುತ್ತವೆ. ಹಾಗಾಗಿ ನಂಬಿ ಅಂತ ಕೇಳುವ ಮೇಲ್ ಬರೆಯಬಾರದು, ನಂಬದೆ ನನ್ನನ್ನು ಪರೀಕ್ಷೆ ಮಾಡಿ ಅಂತ ಕೇಳುವ ಮೇಲ್ ಬರೆಯಬೇಕು ಅಂತ ತೀರ್ಮಾನಿಸಿದೆ.

ಮೊದಲು ನನ್ನ ಪೆಟ್ಟಿಗೆಯನ್ನೇ ನೋಡಿಕೊಂಡೆ. ಸೆಟ್ಟಿಂಗ್ಸಿನಲ್ಲಿ ಗೊತ್ತಿಲ್ಲದ ಫಾರ್ವರ್ಡಿಂಗ್ ವಿಳಾಸ ಇದೆಯಾ, ನಾನು ಮಾಡದ ಫಿಲ್ಟರ್ ಇದೆಯಾ ಅಂತ. ಏನೂ ಇರಲಿಲ್ಲ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿಕೊಂಡೆ.

ಇಂಗ್ಲಿಷಿನಲ್ಲಿ ಕಳಿಸಿದ ಮೇಲ್ ಕನ್ನಡದಲ್ಲಿ ಹೀಗಿರುತ್ತದೆ:

> ನಮ್ಮ ಬ್ಯಾಂಕ್ ಬದಲಾಗಿದೆ. ಹೊಸ ಖಾತೆಯ ವಿವರ ಜೊತೆಗಿರುವ ಪತ್ರದಲ್ಲಿದೆ. ದಯವಿಟ್ಟು ಈ ಮೇಲ್ ನೋಡಿ ನಿಮ್ಮ ದಾಖಲೆ ಬದಲಿಸಬೇಡಿ.
>
> ನಮ್ಮ ಮೊದಲ ಒಪ್ಪಂದದ ಕಾಗದದಲ್ಲಿರುವ ಫೋನ್ ನಂಬರಿಗೆ ನೀವೇ ಕರೆ ಮಾಡಿ. ಈ ಮೇಲ್‌ನಲ್ಲಿ ನಂಬರನ್ನು ಬೇಕೆಂತಲೇ ಬರೆದಿಲ್ಲ. ನಿಮಗೆ ಬಂದ ಖಾತೆ ಸಂಖ್ಯೆಯನ್ನು ನೀವು ಓದಿ ಹೇಳಿ, ನಾನು ಚೆಕ್ ಹಾಳೆ ಹಿಡಿದು ತಾಳೆ ನೋಡುತ್ತೇನೆ.
>
> ನಮ್ಮ ಖಾತೆ ಭಾರತದಲ್ಲಿದೆ. SWIFT ಕೋಡಿನ ಐದು ಮತ್ತು ಆರನೇ ಅಕ್ಷರ IN ಆಗಿರಬೇಕು. ನಮಗೆ IBAN ಇಲ್ಲ. ನಮ್ಮ ಹೆಸರಿನಲ್ಲಿ ಯಾರಾದರೂ IBAN ಕಳಿಸಿದರೆ ಅದು ನಾವಲ್ಲ.
>
> 41ನೇ ಬಿಲ್ಲಿನ ಹಣ ಹಳೆಯ ಖಾತೆಗೇ ಬರಲಿ. 42ರಿಂದ ಮಾತ್ರ ಹೊಸದು. ಯಾವ ಅವಸರವೂ ಇಲ್ಲ.

ಖಾತೆ ಸಂಖ್ಯೆಯನ್ನು ಅವರೇ ಓದಲಿ ಅಂದದ್ದಕ್ಕೆ ಕಾರಣ ಇದೆ. ನಾನು ಓದಿದರೆ ಎದುರಿನವರು "ಹೂಂ, ಹೂಂ" ಅಂತ ಕೇಳಿಬಿಡುತ್ತಾರೆ. ಅವರು ಓದಿದರೆ, ದಾರಿಯಲ್ಲಿ ಯಾರಾದರೂ ಪಿಡಿಎಫ್ ಬದಲಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬ್ಯಾಂಕಿನ ಸೀಲು ಹಾಕಿದ ಪತ್ರವನ್ನೂ ಇಟ್ಟಿದ್ದೆ, ಆದರೆ ಅದೊಂದು ಪುರಾವೆ ಅಂತ ಬರೆಯಲಿಲ್ಲ. ಸೀಲನ್ನು ಯಾರು ಬೇಕಾದರೂ ಅಂಟಿಸಬಹುದು. SWIFT ಕೋಡ್ ಅಂದರೆ ವಿದೇಶಿ ಹಣಕ್ಕೆ ಬ್ಯಾಂಕಿನ ಗುರುತು, ಅದರಲ್ಲಿ IN ಅಂದರೆ ಭಾರತ. IBAN ಯುರೋಪು ಮತ್ತು ಬೇರೆ ಕೆಲವು ದೇಶಗಳಲ್ಲಿ ಬಳಸುವ ಖಾತೆ ಸಂಖ್ಯೆ. ಸೀಲಿನ ಹಾಗೆ IN ಅಕ್ಷರಗಳೂ ಪೂರ್ತಿ ಪುರಾವೆಯಲ್ಲ. ದುಡ್ಡು ಬೇರೆ ದೇಶಕ್ಕೆ ಹೋಗುವುದನ್ನು ಅವು ತೋರಿಸುತ್ತವೆ, ಭಾರತದಲ್ಲೇ ಇರುವ ಕಳ್ಳನ ಖಾತೆಯನ್ನು ತೋರಿಸುವುದಿಲ್ಲ.

41ನೇ ಬಿಲ್ಲನ್ನು ಬೇರೆ ಮಾಡಿದ್ದಕ್ಕೆ ಕಾರಣ ಕಸ್ಟಮ್ಸ್. ಆ ಸರಕಿನ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸಿಗೆ ಕೊಡುವ ರಫ್ತಿನ ಕಾಗದ, ಹಳೆಯ ಬ್ಯಾಂಕಿನ ಎಡಿ ಕೋಡ್ ಮೇಲೆ ಆಗಿತ್ತು. ಹಣ ಯಾವ ಬ್ಯಾಂಕಿನ ಮೂಲಕ ಬರುತ್ತದೆ ಅಂತ ಕಸ್ಟಮ್ಸಿಗೆ ಹೇಳುವ ಸಂಖ್ಯೆ ಈ ಎಡಿ ಕೋಡ್. ರಫ್ತಿನ ಹಣ ಬಂತೋ ಇಲ್ಲವೋ ಅಂತ ಆ ಬ್ಯಾಂಕಿನ ಲೆಕ್ಕದಲ್ಲೇ ನೋಡುತ್ತಾರೆ. ಹಣ ಹೊಸ ಬ್ಯಾಂಕಿಗೆ ಬಂದರೆ ಎರಡೂ ಬ್ಯಾಂಕಿನ ನಡುವೆ ಓಡಾಡುವ ಕೆಲಸ ನನ್ನದು. ಹೊಸ ಬ್ಯಾಂಕಿನ ಎಡಿ ಕೋಡನ್ನು ಬಂದರಿನಲ್ಲಿ ನೋಂದಾಯಿಸಿದ ಮೇಲಷ್ಟೇ 42ನೇ ಸರಕು ಕಳಿಸಿದೆ.

ಮೇಲ್ ಹೋದದ್ದು ಜೂನ್ ಕೊನೆಗೆ. ಆ ವಾರ ಶಿರಸಿಯಲ್ಲಿ ಮಳೆ ಹೊಡೆದ ಪರಿಗೆ ಕರೆಂಟೂ ಇಲ್ಲ, ಟವರೂ ಇಲ್ಲ. ಹ್ಯಾಂಬರ್ಗಿನಲ್ಲಿ ಲೆಕ್ಕ ನೋಡುವ ಮೇಡಂ ಎರಡು ದಿನ ಕರೆ ಮಾಡಿದ್ದಾರೆ, ಸಿಕ್ಕಿಲ್ಲ. "ನಿಮ್ಮ ಫೋನ್ ಸಿಗುತ್ತಿಲ್ಲ, ಬೇರೆ ನಂಬರ್ ಇದೆಯೇ?" ಅಂತ ಮೇಲ್ ಹಾಕಿದರು. ನಾನು ಪೇಟೆಗೆ ಬಂದು ಅದನ್ನು ನೋಡಿ, ಭಾವನ ನಂಬರ್ ಟೈಪ್ ಮಾಡತೊಡಗಿದೆ.

ಭಾವ ಪಕ್ಕದಲ್ಲೇ ಇದ್ದ. "ಎಂತ ಮಾಡ್ತಾ ಇದ್ದೆ ಮಾರಾಯ? ಕಳ್ಳನೂ ಇದೇ ಮಾಡೋದಲ್ವಾ, ಹಳೇ ಫೋನು ಹಾಳಾಗಿದೆ, ಈ ನಂಬರಿಗೆ ಮಾಡಿ ಅಂತ?"

ಕೈ ಅಲ್ಲೇ ನಿಂತಿತು. ಎರಡೇ ಸಾಲಿನ ಒಳ್ಳೆಯ ಮನಸ್ಸಿನ ಉತ್ತರದಿಂದ ಇಡೀ ಏರ್ಪಾಟನ್ನೇ ನಾನು ಒಡೆಯುವವನಿದ್ದೆ. ಅದನ್ನು ಅಳಿಸಿ, "ಹಳೆಯ ನಂಬರೇ ಸರಿ, ಮಳೆ ಕಡಿಮೆಯಾದ ಮೇಲೆ ಮಾಡಿ, ಅಲ್ಲಿಯವರೆಗೆ ಏನನ್ನೂ ಬದಲಿಸಬೇಡಿ" ಅಂತ ಬರೆದೆ. ಆ ಮೇಡಂ ಕೂಡ ಗಟ್ಟಿ. ಬದಲಿಸಲಿಲ್ಲ.

ನಾಲ್ಕನೇ ದಿನ ನಮ್ಮ ಮಧ್ಯಾಹ್ನ ಮೂರೂವರೆಗೆ, ಅವರಿಗೆ ಆಗ ಹನ್ನೆರಡು, ಕರೆ ಬಂತು. ಮೊದಲು ಅವರು ಒಂದು ಪ್ರಶ್ನೆ ಕೇಳಿದರು: ಮೊದಲ ಸ್ಯಾಂಪಲ್ ಪಾರ್ಸೆಲಿನಲ್ಲಿ ಏನಾಗಿತ್ತು? ಮುರುಗಲಿನ ಒಂದು ಪೊಟ್ಟಣ ಒಡೆದು ಮೆಣಸೆಲ್ಲ ಹುಳಿಯಾಗಿತ್ತು ಅಂದೆ. ಫೋನಿನಲ್ಲಿ ಆಡಿದ ಸಂಗತಿ ಅದು, ಯಾವ ಮೇಲ್‌ನಲ್ಲೂ ಇಲ್ಲ. ನಕ್ಕರು. ಆಮೇಲೆ ಒಂದೊಂದೇ ಅಂಕಿ ಓದಿದರು. ತಾಳೆಯಾಯಿತು.

ಕೊನೆಗೆ 37 ಯೂರೋ ಪರೀಕ್ಷೆಗೆ ಕಳಿಸಿದರು. ಇಲ್ಲಿ ನಾನು ಎಡವಿದೆ. ಖಾತೆಗೆ ಬಂದ ರೂಪಾಯಿ ಲೆಕ್ಕ ಹಾಕಿದರೆ 37 ಯೂರೋಗಿಂತ ಸಾಕಷ್ಟು ಕಡಿಮೆ. ಗಾಬರಿಯಾಗಿ ಬ್ಯಾಂಕಿಗೆ ಫೋನ್ ಮಾಡಿದರೆ, ಹಣ ದಾಟಿಸಿದ ನಡುವಿನ ಬ್ಯಾಂಕಿನವರು, ನನ್ನ ಬ್ಯಾಂಕಿನವರು ಇಬ್ಬರೂ ಶುಲ್ಕ ಕಡಿದುಕೊಂಡಿದ್ದರು. ಹಾಗಾಗಿ ಮೊತ್ತವನ್ನು ಹೊಂದಿಸಿ ನೋಡುವುದು ಸರಿಯಲ್ಲ. ಅವರು ಹಣದ ಜೊತೆ ಟಿಪ್ಪಣಿಯಲ್ಲಿ ಒಂದು ಪದ ಬರೆದಿದ್ದರು. ಬ್ಯಾಂಕಿನಿಂದ ಒಳಹಣದ ಚೀಟಿ ತರಿಸಿ ನೋಡಿದೆ, ಪದ ಅದರಲ್ಲಿತ್ತು. ಅದನ್ನು ಅವರಿಗೆ ಮೇಲ್ ಮಾಡಲಿಲ್ಲ, ಅವರೇ ಮತ್ತೆ ಹಳೆಯ ನಂಬರಿಗೆ ಕರೆ ಮಾಡಿದಾಗ ಹೇಳಿದೆ. ಪರೀಕ್ಷೆಯ ಹಣ ತಲುಪಿತು ಅಂತ ಕಳ್ಳನೂ ಮೇಲ್ ಹಾಕಬಲ್ಲ. ಅವನ ಖಾತೆಗೆ ನಿಜವಾಗಿಯೂ ತಲುಪಿರುತ್ತದಲ್ಲ!

ಇಷ್ಟೆಲ್ಲ ಆಗುವಾಗ 41ನೇ ಬಿಲ್ಲಿನ ದುಡ್ಡು ಹಳೆಯ ಖಾತೆಗೆ ಬಂತು. 42ರದ್ದು ಒಂಬತ್ತು ದಿನ ತಡವಾಗಿ ಹುಬ್ಬಳ್ಳಿಗೆ ಬಂತು. ಹಳೆಯ ಖಾತೆಯನ್ನು ಇನ್ನೂ ಮುಚ್ಚಿಲ್ಲ. ಹಳೆಯ ಸಿಮ್ಮನ್ನೂ ರೀಚಾರ್ಜ್ ಮಾಡುತ್ತಲೇ ಇದ್ದೇನೆ, ಒಪ್ಪಂದದ ಕಾಗದದಲ್ಲಿರುವುದು ಅದೇ ನಂಬರು.